ಆ ಒಂದು ಶೇಕಡಾ ಎಲ್ಲಿಂದ ಬಂತು?

ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯವಹಾರಕ್ಕೆ ಲೆಕ್ಕದ ಕೊರತೆಯಿಲ್ಲ. ಗೂಡು ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ, ಎಷ್ಟು ಬಂತು, ಏನು ದರಕ್ಕೆ ಹೋಯಿತು ಎಂಬುದು ಅಂದಂದೇ ದಾಖಲಾಗುತ್ತದೆ. ಅದೇ ಊರಿನಲ್ಲಿ ಒಬ್ಬರು ಕಡ್ಲೆಕಾಯಿ ಎಣ್ಣೆಯ ಗಾಣ ಹಾಕುತ್ತೇನೆಂದು ಹೊರಟರೆ ಕೈಗೆ ಒಂದು ಅಂಕಿಯೂ ಸಿಗುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ತಿಂಗಳಿಗೆ ಎಷ್ಟು ಗಾಣದ ಎಣ್ಣೆ ಖರ್ಚಾಗುತ್ತದೆ ಎಂದು ಯಾರೂ ಬರೆದಿಟ್ಟಿಲ್ಲ. ಆದರೆ ಬ್ಯಾಂಕಿನ ಸಾಲಕ್ಕೂ, ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆಯಲ್ಲಿ ಸಿಗುವ ಶೇ. 35ರ ಸಹಾಯಧನಕ್ಕೂ ಪ್ರಾಜೆಕ್ಟ್ ರಿಪೋರ್ಟ್ ಬೇಕು, ಅದರಲ್ಲಿ ‘ಮಾರುಕಟ್ಟೆ’ ಎಂಬ ಅಧ್ಯಾಯ ಇರಲೇಬೇಕು. ಇಲ್ಲದ ಅಂಕಿಯನ್ನು ಆ ಅಧ್ಯಾಯದಲ್ಲಿ ಹೇಗೆ ತುಂಬಿಸುತ್ತಾರೆ ಎಂಬುದೇ ಇಲ್ಲಿ ನನ್ನ ವಿಮರ್ಶೆಯ ವಿಷಯ. ಕೆಳಗೆ ಬರುವ ಸಮೀಕ್ಷೆಯ ಮತ್ತು ಗಾಣಗಳ ಅಂಕಿಗಳು ಲೆಕ್ಕದ ದಾರಿ ತೋರಿಸಲೆಂದು ನಾನೇ ಇಟ್ಟುಕೊಂಡವು. ದಾರಿ ಮಾತ್ರ ಯಾರು ಬೇಕಾದರೂ ನಡೆದು ನೋಡಬಹುದಾದದ್ದು.

ಇಂಥ ವರದಿಗಳಲ್ಲಿ ಹೆಚ್ಚಾಗಿ ಕಾಣುವ ಲೆಕ್ಕ ಹೀಗಿರುತ್ತದೆ. 2011ರ ಜನಗಣತಿಯಲ್ಲಿ ಈ ಸೀಮೆಯ ಜನಸಂಖ್ಯೆ ಸುಮಾರು 4.4 ಲಕ್ಷ. 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ ಸುಮಾರು 0.67 ಕೆ.ಜಿ., ಪಟ್ಟಣದಲ್ಲಿ ಸುಮಾರು 0.85 ಕೆ.ಜಿ. ಅಡುಗೆ ಎಣ್ಣೆ ಬೇಕು. ಒಟ್ಟಾರೆ 0.7 ಎಂದು ಹಿಡಿದರೆ ತಿಂಗಳಿಗೆ 300 ಟನ್ ದಾಟುತ್ತದೆ. ‘ಇದರಲ್ಲಿ ಬರೀ ಶೇ. 1 ನಮಗೆ ಸಿಕ್ಕರೂ ಸಾಕು’ ಎಂದು ಬರೆದು ಮೂರು ಟನ್ ಮಾರಾಟ ತೋರಿಸುತ್ತಾರೆ.

ಈ ಲೆಕ್ಕದ ಮೊದಲ ಭಾಗವನ್ನು ನಾನು ತಳ್ಳಿಹಾಕುವುದಿಲ್ಲ. 300 ಟನ್ ಎಂಬುದು ಒಟ್ಟು ಬಯಲು ಎಷ್ಟು ಅಗಲ ಎಂದು ಹೇಳುತ್ತದೆ. ಅದಕ್ಕೂ ಕೆಲವು ತಿದ್ದುಪಡಿ ಬೇಕು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಆ ಜನಗಣತಿಯ ನಂತರ. ಅಲ್ಲಿನ ಜನರೆಲ್ಲ ಹಳೆಯ ಕೊಳ್ಳೇಗಾಲ ತಾಲ್ಲೂಕಿನ ಲೆಕ್ಕದಲ್ಲೇ ಸೇರಿದ್ದಾರೆ. ವರದಿಯಲ್ಲಿ ‘ಹನೂರು ತಾಲ್ಲೂಕು, ಜನಗಣತಿ 2011’ ಎಂದು ಒಂದು ಸಾಲಿದ್ದು, ಅದರ ಕೆಳಗೆ ಕೊಳ್ಳೇಗಾಲ ತಾಲ್ಲೂಕಿನ ಪೂರ್ತಿ ಸಂಖ್ಯೆಯೂ ಇದ್ದರೆ, ಅದೇ ಜನರನ್ನು ಎರಡು ಸಲ ಎಣಿಸಿದ್ದಾರೆ ಎಂದು ಅಲ್ಲೇ ತಿಳಿಯುತ್ತದೆ. ಹಳ್ಳಿವಾರು ಪಟ್ಟಿ ಹಿಡಿದು ಕೂಡಿಸದೆ ಬೇರೆ ದಾರಿಯಿಲ್ಲ. ಇನ್ನು ಮಲೆ ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆಗೆ, ಶಿವರಾತ್ರಿಗೆ, ದೀಪಾವಳಿಗೆ ಬರುವ ಭಕ್ತರು ತಿನ್ನುವ ಎಣ್ಣೆ ಈ ಲೆಕ್ಕದೊಳಗೆ ಇಲ್ಲವೇ ಇಲ್ಲ. ಅದು ಹೋಟೆಲಿನವರ ಕೊಳ್ಳುವಿಕೆ, ಅದಕ್ಕೆ ಬೇರೆ ಪುಟವೇ ಬೇಕು.

ನನ್ನ ತಕರಾರು ಇರುವುದು ಆ ಶೇ. 1ರ ಬಗ್ಗೆ. 300 ಟನ್ನಿಗೆ ಒಂದು ಮೂಲವಿದೆ, ಆ ಒಂದು ಶೇಕಡಕ್ಕೆ ಯಾವ ಮೂಲವೂ ಇಲ್ಲ. ಅದು ಚಿಕ್ಕದಾಗಿ ಕಾಣುವುದರಿಂದ ಓದಿದವರು ‘ಅಷ್ಟೂ ಆಗಲ್ವಾ’ ಎಂದು ಒಪ್ಪಿಬಿಡುತ್ತಾರೆ. ಗಾಣದ ಮುಂದೆ ನಿಂತು ನೋಡಿದರೆ ಅದು ಚಿಕ್ಕದಲ್ಲ. ಮೂರು ಟನ್ ಎಂದರೆ 3,300 ಲೀಟರು. ಲೀಟರಿಗೆ ಎರಡೂವರೆ ಕೆ.ಜಿ. ಕಡ್ಲೆಬೀಜ ಹಿಡಿದರೂ ತಿಂಗಳಿಗೆ ಎಂಟು ಟನ್ ಬೀಜ ಬೇಕು. ಒಂದು ಸಲಕ್ಕೆ 20 ಕೆ.ಜಿ. ಬೀಜ ಹಿಡಿಯುವ ಮರದ ಗಾಣದಲ್ಲಿ ದಿನಕ್ಕೆ ಐದು ಸಲ, ತಿಂಗಳಿಗೆ 26 ದಿನ ಆಡಿಸಿದರೆ ಬರುವುದು ಸುಮಾರು ಸಾವಿರ ಲೀಟರು. ಅಂದರೆ ಒಂದೇ ಗಾಣ ಕೊಳ್ಳುತ್ತೇನೆಂದು ಬರೆದ ವರದಿ ಮೂರು ಗಾಣದ ಎಣ್ಣೆ ಮಾರುತ್ತೇನೆಂದೂ ಬರೆದಿದೆ. ಉದ್ಯಮದ ರೂಢಿಯ ಅಂಕಿಗಳ ನಿಜವಾದ ಉಪಯೋಗ ಇಲ್ಲಿದೆ. ಎಷ್ಟು ಮಾರಾಟವಾಗುತ್ತದೆ ಎಂದು ಹೇಳಲು ಅವು ಬಾರವು. ಹೇಳಿದ್ದು ಸಾಧ್ಯವೇ ಎಂದು ಒರೆಗೆ ಹಚ್ಚಲು ಅವಕ್ಕಿಂತ ಒಳ್ಳೆಯದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಗಾಣ ಮಾರುವವರ ಕೈಪಿಡಿಯಿಂದ ಇಳುವರಿಯನ್ನೂ ಬೇಡಿಕೆಯನ್ನೂ ಎರಡನ್ನೂ ತೆಗೆದುಕೊಂಡರೆ ಅವು ಎರಡು ಸಾಕ್ಷಿಯಾಗುವುದಿಲ್ಲ, ಒಬ್ಬರೇ ಎರಡು ಸಲ ಹೇಳಿದ ಮಾತಾಗುತ್ತದೆ.

ಎರಡನೆಯ ದಾರಿ ಮನೆಮನೆ ಸಮೀಕ್ಷೆ. ಇಲ್ಲಿ ಕೇಳುವ ರೀತಿಯಲ್ಲೇ ಅರ್ಧ ಕೆಲಸ ಕೆಡುತ್ತದೆ. ‘ಶುದ್ಧ ಗಾಣದ ಎಣ್ಣೆ ಸಿಕ್ಕರೆ ತಗೊಳ್ತೀರಾ?’ ಎಂದರೆ ಬೇಡ ಎನ್ನುವವರು ಯಾರು? ಬಾಗಿಲಿಗೆ ಬಂದವರ ಮನಸ್ಸು ನೋಯಿಸಬಾರದೆಂದಾದರೂ ಹೂಂ ಎನ್ನುತ್ತಾರೆ. ಪ್ಯಾಕೆಟ್ ಪಾಮ್ ಎಣ್ಣೆಗಿಂತ ಗಾಣದ್ದು ಎಷ್ಟು ದುಬಾರಿ ಎಂಬುದು ಆ ಹೂಂನಲ್ಲಿ ಇರುವುದಿಲ್ಲ. ಕೇಳಬೇಕಾದದ್ದು ಆಗಿಹೋದದ್ದನ್ನು: ಹೋದ ಸಲ ಎಣ್ಣೆ ತಂದದ್ದು ಯಾವಾಗ, ಎಲ್ಲಿಂದ, ಎಷ್ಟು, ಏನು ಕೊಟ್ಟಿರಿ. ಆಮೇಲೆ ‘ಅಕ್ಕಾ, ಒಂಚೂರು ಆ ಬಾಟ್ಲಿ ತೋರಿಸ್ತೀರಾ’ ಎನ್ನಬೇಕು. ಒಲೆಯ ಪಕ್ಕದಿಂದ ಎರಡು ಬಂದರೆ ಎರಡನ್ನೂ ನೋಡಬೇಕು. ಹಳೆಯ ನೀರಿನ ಬಾಟ್ಲಿಯಲ್ಲಿ ತಳಕ್ಕೆ ಗಸಿ ಕೂತ ಹಳದಿ ಎಣ್ಣೆ ಒಗ್ಗರಣೆಗೆ, ಮೂಲೆ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿದ ಪ್ಯಾಕೆಟ್ಟು ಬೋಂಡಾ ಕರಿಯಲು. ‘ನಾವು ಗಾಣದ ಎಣ್ಣೆಯೇ ಉಪಯೋಗಿಸೋದು’ ಎಂದ ಮನೆಯ ತಿಂಗಳ ಮೂರು ಲೀಟರಿನಲ್ಲಿ ಗಾಣದ್ದು ಒಂದೇ ಲೀಟರು ಎಂಬುದು ಆಗ ಕಾಣುತ್ತದೆ.

ಅರವತ್ತು ಮನೆಗಳ ಸಮೀಕ್ಷೆ ಎಂದುಕೊಳ್ಳೋಣ. ಕೊಳ್ಳೇಗಾಲ ಪಟ್ಟಣ, ಯಳಂದೂರು ಕಡೆ, ಹನೂರು ಕಡೆಯ ಹಳ್ಳಿಗಳು, ತಲಾ ಇಪ್ಪತ್ತು. ಹೋದ ತಿಂಗಳು ಗಾಣದ ಎಣ್ಣೆ ಬಳಸಿದ ಮನೆಗಳು ಕ್ರಮವಾಗಿ ಐದು, ಎರಡು, ಒಂದು. ಒಟ್ಟು ಎಂಟು, ಅಂದರೆ ಶೇ. 13. ಇಡೀ ಸೀಮೆಯ ಸುಮಾರು 1,05,000 ಮನೆಗಳಿಗೆ ಇದನ್ನೇ ಹಚ್ಚಿದರೆ 14,000 ಮನೆಗಳಾಗುತ್ತವೆ. ಇದು ತಪ್ಪು. ಕೊಳ್ಳೇಗಾಲ ಪಟ್ಟಣದಲ್ಲಿ 2011ರಲ್ಲಿ ಇದ್ದದ್ದು ಸುಮಾರು 57,000 ಜನ, ಸೀಮೆಯ ಎಂಟರಲ್ಲಿ ಒಂದು ಪಾಲು. ನಮ್ಮ ಮಾದರಿಯಲ್ಲಿ ಅದಕ್ಕೆ ಮೂರರಲ್ಲಿ ಒಂದು ಪಾಲು ಕೊಟ್ಟುಬಿಟ್ಟಿದ್ದೇವೆ. ಒಂದೊಂದು ಕಡೆಯದನ್ನು ಅಲ್ಲಲ್ಲಿನ ಮನೆಗಳಿಗೇ ಹಚ್ಚಿದರೆ ಪಟ್ಟಣದ 13,500ರಲ್ಲಿ 3,400, ಯಳಂದೂರಿನ 19,500ರಲ್ಲಿ 1,950, ಉಳಿದ 72,000ದಲ್ಲಿ 3,600. ಒಟ್ಟು 9,000 ಮನೆಗಳ ಹತ್ತಿರ. ಐದು ಸಾವಿರ ಮನೆ ಇಳಿದುಹೋಯಿತು.

ಈಗ ಆ ಕೊನೆಯ 3,600ನ್ನು ನೋಡಿ. ಮೂರರಲ್ಲಿ ಅದೇ ದೊಡ್ಡದು, ಅದು ನಿಂತಿರುವುದು ಒಂದೇ ಒಂದು ಮನೆಯ ಮೇಲೆ. ಸಮೀಕ್ಷೆಗೆ ಹೋದ ದಿನ ಆ ಮನೆಗೆ ಬೀಗ ಹಾಕಿದ್ದು, ಪಕ್ಕದ ಮನೆಯನ್ನು ಕೇಳಿದ್ದರೆ ಅದು ಸೊನ್ನೆಯಾಗುತ್ತಿತ್ತು. ಇಪ್ಪತ್ತರಲ್ಲಿ ಒಂದು ಸಿಕ್ಕಿತೆಂದರೆ ನಿಜವಾದ ಪ್ರಮಾಣ ಶೇ. 1ಕ್ಕಿಂತ ಕಡಿಮೆಯೂ ಇರಬಹುದು, 20 ದಾಟಿಯೂ ಇರಬಹುದು. ಅದಕ್ಕೂ ಮೇಲೆ, ಆ 72,000 ಮನೆಗಳಲ್ಲಿ ನಾವು ಕಾಲೇ ಇಡದ ಕೊಳ್ಳೇಗಾಲದ ಹಳ್ಳಿಗಳೂ ಸೇರಿವೆ. ಹಾಗಾಗಿ ವರದಿಯಲ್ಲಿ ಬರೆಯಬಹುದಾದದ್ದು ‘ಐದರಿಂದ ಒಂಬತ್ತು ಸಾವಿರ ಲೀಟರು’ ಎಂಬುದಷ್ಟೇ, ಮನೆಗೊಂದು ಲೀಟರು ಎಂದು ಹಿಡಿದು. ಅದರಲ್ಲೂ ಮೇಲಿನ ತುದಿಯನ್ನು ಒಂದು ಮನೆ ಎತ್ತಿ ಹಿಡಿದಿದೆ ಎಂದು ಪಕ್ಕದಲ್ಲೇ ಬರೆಯಬೇಕು. ಮೊದಲು ಪಟ್ಟಣ, ಯಳಂದೂರುಗಳಲ್ಲಿ ಹತ್ತು ಹತ್ತು ಮನೆ ಬಿಟ್ಟು ಆ ಇಪ್ಪತ್ತನ್ನು ಹಳ್ಳಿಗಳಿಗೆ ಕೊಡುವುದು ಇನ್ನೂ ಒಳ್ಳೆಯದಿತ್ತು.

ಮೂರನೆಯ ದಾರಿಯನ್ನು ವರದಿಗಳು ಹೆಚ್ಚಾಗಿ ಬಿಟ್ಟೇಬಿಡುತ್ತವೆ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಅದರ ಮೇಲೆಯೇ: ಈಗಾಗಲೇ ಮಾರುತ್ತಿರುವವರನ್ನು ಎಣಿಸುವುದು. ‘ತಿಂಗಳಿಗೆ ಎಷ್ಟು ಎಣ್ಣೆ ಹೋಗುತ್ತೆ’ ಎಂದು ಗಾಣದವರನ್ನು ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ಅಳತೆ ಇರುವುದಿಲ್ಲ. ನೀವು ನಾಳೆ ಪಕ್ಕದಲ್ಲಿ ಅಂಗಡಿ ಹಾಕುವವರು ತಾನೇ. ಆದರೆ ಹಿಂಡಿಯ ಮಾತೆತ್ತಿದರೆ ಮಾತು ಸಲೀಸು. ಹಸು ಕಟ್ಟಿದವರು ಬಂದು ಮೂಟೆಗಟ್ಟಲೆ ಒಯ್ಯುತ್ತಾರೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ನೂರು ಕೆ.ಜಿ. ಬೀಜಕ್ಕೆ ಸುಮಾರು 40 ಲೀಟರು ಎಣ್ಣೆ, 60 ಕೆ.ಜಿ. ಹಿಂಡಿ. ತಿಂಗಳಿಗೆ 50 ಕೆ.ಜಿ.ಯ 18 ಮೂಟೆ ಹೋಗುತ್ತದೆ ಎಂದರೆ 900 ಕೆ.ಜಿ. ಹಿಂಡಿ, ಅಂದರೆ ಒಂದೂವರೆ ಟನ್ ಬೀಜ, ಅಂದರೆ 600 ಲೀಟರು ಎಣ್ಣೆ. ಇಂಥ ನಾಲ್ಕು ಗಾಣ ಸೀಮೆಯಲ್ಲಿವೆ ಎಂದಿಟ್ಟುಕೊಳ್ಳಿ, 2,400 ಲೀಟರಾಯಿತು.

ಮನೆಗಳು ಹೇಳಿದ್ದು ಐದರಿಂದ ಒಂಬತ್ತು ಸಾವಿರ, ಗಾಣಗಳು ಹೇಳಿದ್ದು ಎರಡೂವರೆ ಸಾವಿರಕ್ಕೂ ಕಡಿಮೆ. ಇಲ್ಲಿ ಬಹಳ ಮಂದಿ ಮಾಡುವ ಕೆಲಸವೆಂದರೆ ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವುದು. ಇಡೀ ಅಭ್ಯಾಸದಲ್ಲಿ ನನಗೆ ಅತ್ಯಂತ ಬೇಸರ ತರಿಸುವುದು ಇದೇ. ಎರಡು ಅಳತೆ ಇಷ್ಟು ದೂರ ನಿಂತಾಗ ಅವು ಒಂದೇ ವಸ್ತುವನ್ನು ಅಳೆಯುತ್ತಿಲ್ಲ ಎಂದೇ ಅರ್ಥ. ಸರಾಸರಿ ತೆಗೆದ ಕ್ಷಣ ಆ ಸುಳಿವು ಅಳಿಸಿಹೋಗುತ್ತದೆ.

ಮನೆಗಳ ಹಾಳೆಗಳಿಗೆ ಮರಳಿ ‘ಎಲ್ಲಿಂದ ತಂದಿರಿ’ ಎಂಬ ಕಾಲಂ ಓದಬೇಕು. ಅಲ್ಲಿ ‘ನಮ್ಮ ಹೊಲದ ಕಾಯಿ, ಆಡಿಸಿಕೊಂಡು ಬಂದ್ವಿ’ ಎಂಬ ಉತ್ತರ ಇರುತ್ತದೆಯೇ ಎಂದು ಹುಡುಕಬೇಕು. ಹಳ್ಳಿಯ ಮನೆ ತನ್ನ ಬೀಜವನ್ನು ಚೀಲದಲ್ಲಿ ತಂದು, ಕೂಲಿ ಕೊಟ್ಟು, ಎಣ್ಣೆಯ ಜೊತೆ ಹಿಂಡಿಯನ್ನೂ ಹೊತ್ತೊಯ್ದರೆ ಆ ಎಣ್ಣೆ ಮನೆಯ ಲೆಕ್ಕದಲ್ಲಿ ಬರುತ್ತದೆ, ಮಾರಿದ ಹಿಂಡಿಯ ಲೆಕ್ಕದಲ್ಲಿ ಬರುವುದಿಲ್ಲ. ವ್ಯತ್ಯಾಸದ ಒಂದು ಭಾಗ ಮೈಸೂರಿನಿಂದ ತಂದ ಬಾಟ್ಲಿಯಿರಬಹುದು, ಇನ್ನೊಂದು ಭಾಗ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೂ ಸೇರಿಸಿ ಹೇಳಿದ್ದಿರಬಹುದು. ಆದರೆ ದೊಡ್ಡ ಭಾಗ ಕೂಲಿಗೆ ಆಡಿಸಿದ್ದೇ ಆಗಿದ್ದರೆ ಯೋಜನೆಯೇ ಬದಲಾಗುತ್ತದೆ. ಹನೂರು ಕಡೆಯ ಗಿರಾಕಿಗೆ ಬೇಕಾದದ್ದು ಎಣ್ಣೆಯಲ್ಲ, ಗಾಣ. ಅವರಿಗೆ ಬಾಟ್ಲಿ, ಲೇಬಲ್ಲು, ಬೀಜ ಕೊಂಡಿಡುವ ಬಂಡವಾಳ ಒಂದೂ ಬೇಡ. ಬೇಕಾದದ್ದು ಸುಗ್ಗಿಯ ಆಚೀಚೆ ಬೇಗ ಸರದಿ ಸಿಗುವುದು ಮಾತ್ರ. ಬಾಟ್ಲಿ ಎಣ್ಣೆಯ ಗಿರಾಕಿ ಇರುವುದು ಪಟ್ಟಣದಲ್ಲಿ.

ಹೀಗೆ ಬಿಡಿಸಿದ ಮೇಲೆ ಉಳಿದ ಅನಿಶ್ಚಿತತೆಯಲ್ಲೇ ನಿರ್ಧಾರ ಮಾಡಬಹುದೇ ಎಂದು ನೋಡಬೇಕು. ಬಾಡಿಗೆ, ಕರೆಂಟು, ಸಂಬಳ, ಸಾಲದ ಕಂತು ಸೇರಿ ತಿಂಗಳಿಗೆ 40,000 ರೂಪಾಯಿ, ಲೀಟರಿಗೆ ಉಳಿಯುವುದು 60 ಎಂದು ಹಿಡಿದರೆ ಖರ್ಚು ಸರಿದೂಗಲು 670 ಲೀಟರು ಮಾರಬೇಕು. ಈಗಿರುವ ಗಾಣಗಳು ತಲಾ 600 ಮಾರುತ್ತಿರುವಾಗ ಐದನೆಯವರು ಬಾಟ್ಲಿಯನ್ನೇ ನಂಬಿ ಅದನ್ನು ಮುಟ್ಟುವುದು ಕಷ್ಟ. ಅರ್ಧವನ್ನು ಆಡಿಸುವ ಕೂಲಿಯಿಂದ ದುಡಿದರೆ ಬಾಟ್ಲಿಯಲ್ಲಿ ಮಾರಬೇಕಾದದ್ದು 335 ಲೀಟರಿಗೆ ಇಳಿಯುತ್ತದೆ. ಪಟ್ಟಣದ 3,400 ಮನೆಗಳ ಅಂದಾಜು ಅರ್ಧದಷ್ಟು ತಪ್ಪಾಗಿದ್ದರೂ, ಅದರಲ್ಲಿ ಐದಕ್ಕೊಂದು ಮನೆ ಬಂದರೆ ಅದು ನಡೆಯುತ್ತದೆ.

ಹಾಗಾದರೆ ಮಾರುಕಟ್ಟೆ ಅಧ್ಯಾಯದಲ್ಲಿ ಆ ಶೇ. 1ರ ಜಾಗಕ್ಕೆ ಬರಬೇಕಾದದ್ದು ಇಷ್ಟು: ಮೂರು ದಾರಿಯ ಮೂರು ಅಂಕಿ, ಅವು ಎಲ್ಲಿ ಒಂದಕ್ಕೊಂದು ಹೊಂದಲಿಲ್ಲ, ಏಕೆ ಹೊಂದಲಿಲ್ಲ ಎಂಬ ನಾಲ್ಕು ಸಾಲು. ಅದರ ಜೊತೆಗೆ, ಗಾಣ ಶುರುವಾದ ದಿನದಿಂದ ಬರೆಯಲು ಒಂದು ಪುಸ್ತಕದ ಕಾಲಂಗಳು: ಮಾರಿದ ಲೀಟರು, ಕೂಲಿಗೆ ಆಡಿಸಿದ ಬೀಜ, ಮಾರಿದ ಹಿಂಡಿ, ಗಿರಾಕಿಯ ಊರು.