ಪುಟಕ್ಕೊಂದು ಚಿತ್ರ ಸಾಕು

ಶಹಾಬಾದಿನ ಫರಸಿ ಕಲ್ಲಿನ ಮೇಲೆ ಐದಾರು ವರ್ಷದ ಮಕ್ಕಳಿಗೊಂದು ಚಿತ್ರಪುಸ್ತಕ ಮಾಡಬೇಕಾಗಿದೆ ಅಂದುಕೊಳ್ಳೋಣ. ಮೊದಲ ಕರಡು ಹೀಗಿದೆ: “ನಸುಕಿನಲ್ಲೇ ಎದ್ದ ಅಪ್ಪ ಕೆಂಪು ರುಮಾಲು ಸುತ್ತಿ, ಬುತ್ತಿ ಮರೆತು ಗಣಿಗೆ ಹೋಗಿ, ಮಲ್ಲಿ ಅದನ್ನು ತರುವಷ್ಟರಲ್ಲಿ ಉಳಿ ಇಟ್ಟು ಸುತ್ತಿಗೆ ಹೊಡೆದಾಗ ಕಲ್ಲು ಪದರಾಗಿ ಎದ್ದಿತು.”

ತಪ್ಪೇನೂ ಇಲ್ಲದ ವಾಕ್ಯ. ಆದರೆ ಚಿತ್ರಕಾರ ಯಾವುದನ್ನು ಬಿಡಿಸಬೇಕು? ಸುತ್ತಿ, ಮರೆತು, ಹೋಗಿ, ಇಟ್ಟು ಎಂದು ಎಷ್ಟು ಕೆಲಸವನ್ನಾದರೂ ಒಂದೇ ದಾರಕ್ಕೆ ಪೋಣಿಸುವುದು ಕನ್ನಡಕ್ಕೆ ಸಲೀಸು. ಮಕ್ಕಳ ಪುಸ್ತಕದ ಕರಡುಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಆ ಒಂದೊಂದು ಕ್ರಿಯೆಯೂ ಒಂದೊಂದು ಚಿತ್ರ. ಸಂಪಾದಕರ ಮೊದಲ ಕೆಲಸ ಅವುಗಳಿಗೆ ಗೆರೆ ಎಳೆದು, ಯಾವುದಕ್ಕೆ ಪುಟ ಕೊಡಬೇಕೆಂದು ತೀರ್ಮಾನಿಸುವುದು. 16 ಪುಟದ ಪುಸ್ತಕದಲ್ಲಿ ರಕ್ಷಾಪುಟದ ನಾಲ್ಕು ಬದಿ ಕಳೆದರೆ ಉಳಿಯುವುದು 12 ಮಾತ್ರ.

ತಿದ್ದಿದ ಮೇಲೆ ಹೀಗಾಗಬಹುದು. ಒಂದು ಪುಟ: “ಅಪ್ಪ ರುಮಾಲು ಸುತ್ತಿದ. ಹೊರಟೇಬಿಟ್ಟ.” ಮುಂದಿನದು: “ಯಪ್ಪಾ, ಬುತ್ತಿ ಬಿಟ್ಟು ಹೊಂಟಿ!” ಆಮೇಲೆ: “ಮಲ್ಲಿ ಓಡಿದಳು.” ಅದರಾಚೆ ಗಣಿ: “ಅಪ್ಪ ಉಳಿ ಇಟ್ಟ. ಸುತ್ತಿಗೆ ಎತ್ತಿದ.” ಪುಟ ತಿರುಗಿಸಿದರೆ: “ಠಣ್! ಕಲ್ಲು ಪದರಾಗಿ ಎದ್ದಿತು.”

‘ಕೆಂಪು’ ಹೋಯಿತು, ‘ನಸುಕು’ ಹೋಯಿತು. ಎರಡನ್ನೂ ಬಣ್ಣವೇ ಹೇಳುತ್ತದೆ. ‘ಠಣ್’ ಬಂತು, ಏಕೆಂದರೆ ಸದ್ದನ್ನು ಚಿತ್ರ ಬಿಡಿಸಲಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಪುಟ ಮುಗಿಯುವ ಜಾಗ. ಕರಡಿನ ‘ಹೊಡೆದಾಗ’ ಪೆಟ್ಟನ್ನೂ ಫಲವನ್ನೂ ಒಟ್ಟಿಗೇ ಕೊಟ್ಟುಬಿಡುತ್ತಿತ್ತು. ಈಗ ಸುತ್ತಿಗೆ ಗಾಳಿಯಲ್ಲೇ ನಿಂತಿದೆ, ಹಾಳೆ ತಿರುಗಿಸಲು ಮಗುವಿಗೆ ಕಾರಣ ಸಿಕ್ಕಿದೆ.

ಇದೇ ಕತ್ತರಿ ಅತಿಯಾದರೆ ಕಥೆ ಸಾಯುತ್ತದೆ. “ಇದು ಉಳಿ. ಇದು ಕಲ್ಲು.” ಇಂಥ ಪುಟಗಳಲ್ಲಿ ಚಿತ್ರಕ್ಕೆ ಅಂಟಿಸಿದ ಹೆಸರಿನ ಚೀಟಿ ಬಿಟ್ಟರೆ ಬೇರೇನಿಲ್ಲ. ಬುತ್ತಿ ಮರೆತದ್ದೇ ಮಲ್ಲಿ ಓಡಲು ಕಾರಣ. ಆ ಕೊಂಡಿ ಉಳಿಯಲೇಬೇಕು.

ಭಾಷೆಯ ವಿಷಯದಲ್ಲಿ ನನ್ನ ನಿಲುವು ಹೀಗೆ: ನಿರೂಪಣೆ ಬರಹದ ಕನ್ನಡದಲ್ಲಿರಲಿ, ಮಾತು ಮಾತ್ರ ಚಿತ್ತಾಪುರ, ವಾಡಿ ಕಡೆಯ ಬಾಯಲ್ಲೇ ಬರಲಿ. ಎಲ್ಲವನ್ನೂ ಆಡುಮಾತಿಗೆ ಇಳಿಸಿದರೆ ಮನೆಯಲ್ಲಿ ತೆಲುಗೋ ಉರ್ದುವೋ ಲಂಬಾಣಿಯೋ ಆಡುವ ಸೇಡಂ, ಚಿಂಚೋಳಿಯ ಮಕ್ಕಳಿಗೆ ಅಕ್ಷರ ಕೂಡಿಸಿ ಓದುವುದು ಕಷ್ಟವಾದೀತು. ಎಲ್ಲವನ್ನೂ ಶಿಷ್ಟ ಮಾಡಿದರೆ “ಯಪ್ಪಾ” ಎಂದು ಕೂಗಿ ಓದುವ ಖುಷಿ ಹೋಗುತ್ತದೆ.

ಕೊನೆಗೆ ಕರಡನ್ನು ಗಟ್ಟಿಯಾಗಿ ಓದಿಸಿ ನೋಡಬೇಕು. ಆ ಪರೀಕ್ಷೆಯನ್ನು ಬರೆದವರೇ ಮಾಡಿಕೊಂಡರೆ ಏನೂ ತಿಳಿಯದು. ಎಲ್ಲಿ ಉಸಿರು ನಿಲ್ಲಿಸಬೇಕೆಂದು ಅವರಿಗೆ ಮೊದಲೇ ಗೊತ್ತು. ಕರಡನ್ನು ಹಿಂದೆ ಕಂಡಿರದ ಅಂಗನವಾಡಿ ಕಾರ್ಯಕರ್ತೆಗೆ ಕೊಡಬೇಕು. ಆಕೆ ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ, ತಾನು ಬದಿಯಿಂದ ಬಗ್ಗಿ ಓದುತ್ತಾಳೆ. ಆಗ “ಅಪ್ಪ ಉಳಿ ಇಟ್ಟ. ಸುತ್ತಿಗೆ” ಎಂಬಲ್ಲಿ ಸಾಲು ಮುರಿದಿದ್ದರೆ ನಾಲಿಗೆ ಅಲ್ಲೇ ತಡವರಿಸುತ್ತದೆ. ‘ಇಟ್ಟ’ ಎಂಬಲ್ಲಿಗೆ ಸಾಲು ಮುಗಿಸಿ, ‘ಸುತ್ತಿಗೆ ಎತ್ತಿದ’ ಎಂಬುದನ್ನು ಕೆಳಗಿನ ಸಾಲಿಗೆ ತಂದರೆ ಸಾಕು, ಒಂದಕ್ಷರವನ್ನೂ ಬದಲಿಸಬೇಕಿಲ್ಲ.