ಗದ್ಯದ ತಿದ್ದುಪಡಿ: ಪದವೂ ಬಂಧವೂ

ಹಂಪೆಯನ್ನು ಕುರಿತು ಕನ್ನಡದಲ್ಲಿ ಬರುವ ಕೈಪಿಡಿಗಳನ್ನೂ ವಿದ್ಯಾರ್ಥಿಗಳ ಪ್ರಬಂಧಗಳನ್ನೂ ಓದುವವರಿಗೆ ಒಂದು ಬಗೆಯ ಗದ್ಯವು ಚೆನ್ನಾಗಿ ಪರಿಚಿತವಾಗಿರುತ್ತದೆ. ಅದರಲ್ಲಿ ತಪ್ಪೆಂದು ಬೆರಳಿಟ್ಟು ತೋರಿಸುವಂಥದೇನೂ ಇರುವುದಿಲ್ಲ; ಆದರೂ ಎರಡು ಪುಟ ಮುಗಿಯುವಷ್ಟರಲ್ಲಿ ಮನಸ್ಸು ಬೇರೆಡೆಗೆ ಹೋಗಿರುತ್ತದೆ. ಮಾದರಿಗಾಗಿ ಹೆಣೆದ ಈ ನಾಲ್ಕೈದು ವಾಕ್ಯಗಳನ್ನು ನೋಡಬಹುದು:

“ಹಂಪೆಯು ಒಂದು ಐತಿಹಾಸಿಕ ಸ್ಥಳವಾಗಿದೆ. ಅದು ತುಂಗಭದ್ರಾ ನದಿಯ ದಡದಲ್ಲಿ ನೆಲೆಗೊಂಡಿದೆ. ಅಲ್ಲಿ ವಿಠ್ಠಲ ದೇವಾಲಯವು ಕಂಡುಬರುತ್ತದೆ. ಅದು ವಿಜಯನಗರದ ಅರಸರಿಂದ ಕಟ್ಟಲ್ಪಟ್ಟಿತು. ಅದರ ಕಲ್ಲಿನ ರಥವು ಪ್ರವಾಸಿಗರಿಂದ ಮೆಚ್ಚಲ್ಪಡುತ್ತದೆ.”

ಇದು ಸಪ್ಪೆಯಾಯಿತೆಂದು ಬರೆದವರಿಗೇ ತೋರುವುದುಂಟು. ಆಗ ಕೈ ಮೊದಲು ಹೋಗುವುದು ನಿಘಂಟಿನ ಕಡೆಗೆ. ತಿದ್ದಿದ ಪಾಠ ಹೀಗಾಗುತ್ತದೆ:

“ಹಂಪೆಯು ಒಂದು ಚಾರಿತ್ರಿಕ ಕ್ಷೇತ್ರವಾಗಿರುತ್ತದೆ. ಅದು ತುಂಗಭದ್ರೆಯ ತೀರದಲ್ಲಿ ವಿರಾಜಿಸುತ್ತಿದೆ. ಅಲ್ಲಿ ವಿಠ್ಠಲ ಮಂದಿರವು ಗೋಚರಿಸುತ್ತದೆ. ಅದು ವಿಜಯನಗರದ ಭೂಪಾಲರಿಂದ ನಿರ್ಮಿಸಲ್ಪಟ್ಟಿತು. ಅದರ ಶಿಲಾರಥವು ಯಾತ್ರಿಕರಿಂದ ಶ್ಲಾಘಿಸಲ್ಪಡುತ್ತದೆ.”

ಹತ್ತಕ್ಕೆ ಮೇಲ್ಪಟ್ಟು ಪದಗಳು ಬದಲಾದುವು. ಬರಹವು ಇದ್ದಲ್ಲಿಯೇ ಇದೆ. ಸಂಸ್ಕೃತಪದಗಳನ್ನು ತೆಗೆದು ಅಚ್ಚಗನ್ನಡವನ್ನು ತುಂಬಿದ್ದರೂ ಫಲವು ಇದೇ ಆಗುತ್ತಿತ್ತು. ದೋಷವಿದ್ದುದು ಪದಗಳಲ್ಲಿ ಅಲ್ಲದ ಕಾರಣ ಪದಗಳ ಬದಲಾವಣೆ ಅದನ್ನು ಮುಟ್ಟಲಿಲ್ಲ.

ಹಾಗಾದರೆ ಅದು ಇದ್ದುದೆಲ್ಲಿ? ನಾಮಪದಗಳನ್ನು ಬೆರಳಿನಿಂದ ಮುಚ್ಚಿ ವಾಕ್ಯಗಳ ತುದಿಗಳನ್ನು ಮಾತ್ರ ಗಟ್ಟಿಯಾಗಿ ಓದಿದರೆ ಗೊತ್ತಾಗುತ್ತದೆ: ಆಗಿದೆ, ನೆಲೆಗೊಂಡಿದೆ, ಕಂಡುಬರುತ್ತದೆ, ಕಟ್ಟಲ್ಪಟ್ಟಿತು, ಮೆಚ್ಚಲ್ಪಡುತ್ತದೆ. ಕರ್ತೃವು ಮೊದಲು, ಕ್ರಿಯೆಯು ಕೊನೆಗೆ, ನಡುವೆ ಒಂದೇ ಅಳತೆಯ ಹಾದಿ. ನೂಲುವ ರಾಟೆ ಸುತ್ತಿದ ಹಾಗೆ ಅದೇ ಸುತ್ತು ಐದು ಸಲ. ಕನ್ನಡದ ವಾಕ್ಯಕ್ಕೆ ‘ಬಂದು’, ‘ನಿಂತು’, ‘ಕಟ್ಟಿದ’, ‘ಇದ್ದುದರಿಂದ’ ಎಂಬ ಕೃದಂತಗಳ ಮೂಲಕ ಒಂದು ಸಂಗತಿಯ ಬೆನ್ನಿಗೆ ಇನ್ನೊಂದನ್ನು ಕೋದುಕೊಂಡು ಹೋಗುವ ಶಕ್ತಿಯಿದೆ. ಇಲ್ಲಿ ಅದನ್ನು ಒಮ್ಮೆಯೂ ಬಳಸಿಲ್ಲ. ‘ಅರಸರು ಕಟ್ಟಿಸಿದರು’ ಎಂದು ಯಾರ ಮನೆಯಲ್ಲಿಯೂ ಹೇಳುವುದನ್ನು ‘ಅರಸರಿಂದ ಕಟ್ಟಲ್ಪಟ್ಟಿತು’ ಎಂದು ಹೇಳಿಸಿದುದು ಇಂಗ್ಲಿಷಿನ ಕರ್ಮಣಿಪ್ರಯೋಗದ ನೆರಳು. ‘ಕಟ್ಟಲ್ಪಟ್ಟಿತು’ ಎಂಬುದನ್ನು ‘ನಿರ್ಮಿಸಲ್ಪಟ್ಟಿತು’ ಎಂದು ತಿದ್ದಿದವನು ನೆರಳಿಗೆ ಬಣ್ಣ ಬಳಿದನಷ್ಟೆ.

ಇನ್ನೊಂದು ಪರೀಕ್ಷೆಯುಂಟು. ಎರಡನೆಯ ವಾಕ್ಯವನ್ನು ನಾಲ್ಕನೆಯದರ ಜಾಗಕ್ಕೆ ತಂದು, ಸರ್ವನಾಮವಿರುವಲ್ಲಿ ಹೆಸರನ್ನಿಟ್ಟು ಓದಬೇಕು. ಅರ್ಥಕ್ಕೆ ಏನೂ ಕುಂದು ಬಾರದಿದ್ದರೆ ಅಲ್ಲಿ ಕ್ರಮವೆಂಬುದೇ ಇರಲಿಲ್ಲವೆಂದು ತಿಳಿಯಬಹುದು. ಒಂದು ಮಾತು ಮುಂದಿನ ಮಾತನ್ನು ಬೇಡುತ್ತಿರಲಿಲ್ಲ. ಹಂಪೆಯ ಬದಲಿಗೆ ಕಂಪ್ಲಿಯೆಂದು ಬರೆದರೆ ಮೊದಲೆರಡು ವಾಕ್ಯಗಳು ಸ್ವಲ್ಪವೂ ಅಲುಗದೆ ನಿಲ್ಲುತ್ತವೆ, ಕಂಪ್ಲಿಯೂ ಹಳೆಯ ಊರು, ಅದೂ ತುಂಗಭದ್ರೆಯ ದಡದಲ್ಲಿಯೇ ಇದೆ. ಸಂಡೂರೆಂದು ಬರೆದರೆ ಹೊಳೆಯನ್ನು ತೆಗೆದು ಬೆಟ್ಟವನ್ನು ಇಟ್ಟರೆ ಸಾಕು. ಯಾವ ಊರಿಗೂ ಹೊಂದುವ ವಾಕ್ಯದಲ್ಲಿ ಎಷ್ಟು ಪದಗಳನ್ನು ಬದಲಾಯಿಸಿದರೂ ಅದು ಈ ಊರಿನದಾಗುವುದಿಲ್ಲ.

ಇಂಥ ಬರಹವನ್ನು ಒಡೆದು ಕಟ್ಟುವಾಗ ಮೊದಲು ನಿರ್ಧರಿಸಬೇಕಾದುದು ಪದವನ್ನಲ್ಲ, ಹೇಳತಕ್ಕ ಸಂಗತಿಯನ್ನು. ರಥವೊಂದನ್ನೇ ಹಿಡಿದುಕೊಂಡರೆ ಹೀಗೆ ಬರೆಯಬಹುದು:

“ವಿಠ್ಠಲನ ಗುಡಿಯ ಅಂಗಳದಲ್ಲಿ ಕಲ್ಲಿನ ತೇರೆಂದು ಹೆಸರಾದುದು ನಿಜವಾಗಿ ಗರುಡನ ಗುಡಿ. ವಾಹನವು ಸ್ವಾಮಿಗೆ ಎದುರಾಗಿರಬೇಕಾದುದರಿಂದ ಅದನ್ನು ಗರ್ಭಗೃಹಕ್ಕೆ ಇದಿರಾಗಿ ನಿಲ್ಲಿಸಿದ್ದಾರೆ. ಈಗ ಬೋಳಾಗಿ ತೋರುವ ಅದರ ನೆತ್ತಿಯ ಮೇಲೆ ಮೊದಲು ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಇನ್ನೂ ನಿಂತಿದೆ.”

ಪದಗಳೆಲ್ಲ ಸಾಮಾನ್ಯವಾದುವೇ. ಆದರೆ ಎರಡನೆಯ ವಾಕ್ಯವು ಮೊದಲನೆಯದರಿಂದ ಹುಟ್ಟಿದೆ, ಆದುದರಿಂದ ಅದನ್ನು ಕದಲಿಸುವಂತಿಲ್ಲ. ಕಂಪ್ಲಿಯ ಹೆಸರನ್ನು ಇಲ್ಲಿ ಸೇರಿಸಲು ಇಂಬೇ ಇಲ್ಲ. ತುಂಗಭದ್ರೆಯೂ ಪ್ರವಾಸಿಗರ ಮೆಚ್ಚುಗೆಯೂ ಬಿಟ್ಟುಹೋದುವು ಎಂದು ಕೆಲವರಿಗೆ ತೋರಬಹುದು. ಅವು ಬಿಡತಕ್ಕವೇ ಆಗಿದ್ದುವು.

ಈ ಭೇದವು ಹೊಸಗದ್ಯದೊಡನೆ ಹುಟ್ಟಿದುದಲ್ಲ. ಹದಿಮೂರನೆಯ ಶತಮಾನದ ಆಂಡಯ್ಯನು ತತ್ಸಮಪದಗಳನ್ನು ದೂರವಿಟ್ಟು, ದೇಶ್ಯ ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ರಚಿಸಿದನು. ಪದಪರಿವರ್ತನೆಯು ಅದಕ್ಕಿಂತ ಮೇಲೆ ಏರಲಾರದು. ಛಲವು ಛಲವೇ, ಆತನ ಸಾಧನೆ ಚಿಕ್ಕದಲ್ಲ. ಆದರೆ ಕಾವ್ಯದ ಎರಕವು ಹಳೆಯ ಚಂಪುವಿನದೇ: ವೃತ್ತಕಂದಗಳೂ ನಡುನಡುವೆ ಗದ್ಯವೂ. ನಾಲ್ಕು ಪಾದಕ್ಕೆ ಮುಗಿಯಲೇಬೇಕಾದ ಪದ್ಯದ ನಡೆ ಮೊದಲಿದ್ದಂತೆಯೇ ಉಳಿಯಿತು.

ಸರಿಸುಮಾರು ಅದೇ ಕಾಲದಲ್ಲಿ ಹಂಪೆಯಲ್ಲಿ ವಿರೂಪಾಕ್ಷನ ಸನ್ನಿಧಿಯಲ್ಲಿದ್ದ ಹರಿಹರನ ದಾರಿ ಬೇರೆ. ‘ಗಿರಿಜಾಕಲ್ಯಾಣ’ವನ್ನು ಆತನೂ ಚಂಪುವಿನಲ್ಲಿಯೇ ಬರೆದವನು. ಶರಣರ ಕಥೆಗಳನ್ನು ಹೇಳಹೊರಟಾಗ ಆತನು ಸಂಸ್ಕೃತಪದಗಳನ್ನು ಬಿಡಲಿಲ್ಲ, ಅವು ಅಲ್ಲಿ ತುಂಬಿ ತುಳುಕುತ್ತವೆ. ಬಿಟ್ಟುದು ಎರಕವನ್ನು. ಪೂರ್ವಕವಿಗಳ ಚಂಪುಗಳಲ್ಲಿ ಮೂಲೆಯಲ್ಲಿ ಅಲಂಕಾರವಾಗಿ ಬರುತ್ತಿದ್ದ ರಗಳೆಯನ್ನು ತಂದು ಇಡಿಯ ಕಥೆಯನ್ನು ಅದರ ಮೇಲೆ ನಿಲ್ಲಿಸಿದನು. ರಗಳೆಗೆ ಇಷ್ಟೇ ಸಾಲೆಂಬ ಕಟ್ಟಳೆಯಿಲ್ಲ. ಎರಡೆರಡು ಸಾಲಿಗೆ ಪ್ರಾಸ ಕೂಡಿದರೆ ಸಾಕು. ಭಕ್ತನ ಆವೇಗ ಹತ್ತು ಸಾಲು ಬೇಡಿದರೆ ಹತ್ತು, ನೂರು ಬೇಡಿದರೆ ನೂರು. ಹರಿಹರನ ಸಂಭಾಷಣೆಗಳಿಗೆ ಬಂದ ಓಟವು ಇಲ್ಲಿಂದ ಬಂದುದು. ಅದೇ ಪದಗಳನ್ನು ಕಂದಪದ್ಯದಲ್ಲಿ ಕೂರಿಸಿದ್ದರೆ ಅದು ಬರುತ್ತಿರಲಿಲ್ಲ. ಆತನ ಸೋದರಳಿಯನಾದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ಷಟ್ಪದಿಯಲ್ಲಿ ನಡೆಸಿದುದೂ ಇದೇ ಜಾತಿಯ ಕೆಲಸ.

ಹೀಗೆಂದು ಎಲ್ಲ ಬರಹವನ್ನೂ ಒಡೆಯಬೇಕೆಂದಲ್ಲ. ವಾಕ್ಯಗಳು ಒಂದನ್ನೊಂದು ಹಿಡಿದುಕೊಂಡಿದ್ದು, ಓದುವಾಗ ಒಂದೇ ಕಡೆ ಎಡವಿದಂತಾದರೆ ಅಲ್ಲಿ ಪದವೊಂದನ್ನು ತಿದ್ದಿದರೆ ಸಾಕು. ಗರುಡನ ಗುಡಿಯ ಪಾಠದಲ್ಲಿ ‘ನೆತ್ತಿ’ ಹಗುರವಾಯಿತೆಂದು ತೋರಿದವರು ‘ಮೇಲ್ಭಾಗ’ವೆಂದು ಬರೆಯಲಿ, ಕಟ್ಟು ಕೆಡುವುದಿಲ್ಲ. ಎಡವು ಪ್ರತಿಯೊಂದು ವಾಕ್ಯದ ಕೊನೆಯಲ್ಲಿಯೂ ಆಗುತ್ತಿದ್ದರೆ ನಿಘಂಟನ್ನು ಮುಚ್ಚಿಡುವುದು ಲೇಸು. ಮತ್ತೆ ಕೆಲವು ಬರಹಗಳಲ್ಲಿ ಯಾಂತ್ರಿಕತೆಯೇ ಉದ್ದೇಶ. ಹಂಪೆಯ ಬಂಡೆಗಳ ಮೇಲಿನ ದಾನಶಾಸನಗಳಲ್ಲಿ ಸ್ವಸ್ತಿ, ಶಕವರ್ಷ, ಅರಸನ ಬಿರುದು, ಕೊಟ್ಟ ಭೂಮಿ, ಅಳಿದವರಿಗೆ ಶಾಪ ಎಂಬ ಕ್ರಮವು ಮತ್ತೆ ಮತ್ತೆ ಬರುತ್ತದೆ. ಭೂಮಿಯ ಎಲ್ಲೆಯನ್ನು ಹುಡುಕಿಕೊಂಡು ಬಂದವನಿಗೆ ಅದು ಶಾಸನದ ಯಾವ ಭಾಗದಲ್ಲಿ ಸಿಕ್ಕುವುದೆಂದು ಮೊದಲೇ ಗೊತ್ತಿರಬೇಕು. ಅದನ್ನು ಯಾವ ರಸಿಕನೂ ತಿದ್ದಹೋಗಲಾರನು.