ಗುಡ್ಡ ಗುಡ್ಡದ ನಡುವಿನ ಗಾಳಿ

ಕ್ಯಾಲೆಂಡರು, ಪೋಸ್ಟರುಗಳಲ್ಲಿ ಕಾಣುವ ಎಷ್ಟೋ ಬೆಟ್ಟಸಾಲುಗಳು ಒಂದೇ ಸಲ ಕ್ಲಿಕ್ಕಿಸಿದವಲ್ಲ. ಮುಂದಿನ ತೋಟ ಒಂದೂರಿನದು, ಹಿಂದಿನ ಗುಡ್ಡ ಇನ್ನೊಂದೂರಿನದು. ಎರಡರ ನಡುವೆ ಮೈಲುಗಟ್ಟಲೆ ದೂರವಿದೆ ಎಂದು ಕಣ್ಣನ್ನು ನಂಬಿಸುವ ಹೊಣೆ ಮಬ್ಬಿನ ಲೇಯರುಗಳದು. ಈ ಕೆಲಸ ಎಲ್ಲರಿಗೂ ಗೊತ್ತು, ಆದರೂ ಹೆಚ್ಚಿನ ಚಿತ್ರಗಳಲ್ಲಿ ಕೆಡುತ್ತದೆ. ಕೆಡುವ ಬಗೆಯೂ ಬಹುಮಟ್ಟಿಗೆ ಒಂದೇ.

ನಾನೇ ಕೆಡಿಸಿದ ಒಂದು ಚಿತ್ರವನ್ನು ತೆಗೆದುಕೊಳ್ಳುತ್ತೇನೆ. ಸಾಗರದ ಕಡೆಯ ಅಡಿಕೆ ತೋಟದ ಹಿಂದೆ ಮುಳ್ಳಯ್ಯನಗಿರಿಯಿಂದ ತೆಗೆದ ನಾಲ್ಕು ಗುಡ್ಡಸಾಲುಗಳನ್ನು ಕೂರಿಸಿದ್ದೆ. ಗುಡ್ಡದ ಫೋಟೊ ಮಳೆ ಬಿಟ್ಟ ಮರುದಿನದ್ದು. ಗಾಳಿ ತೊಳೆದಿಟ್ಟಂತಿದ್ದುದರಿಂದ ನಾಲ್ಕನೆಯ ಸಾಲಿನ ಕಾಡೂ ಕಪ್ಪಗೆ ಕಾಣುತ್ತಿತ್ತು. ಅದು ತೋಟದ ಬೇಲಿಗೇ ತಾಗಿದಂತಾಯಿತು. ಎಲ್ಲರಂತೆ ನಾನೂ ಮೆತ್ತನೆಯ ಬ್ರಷ್ಷಿನಿಂದ ತಿಳಿನೀಲಿ ಬಣ್ಣ ಬಳಿದು, ಬ್ಲೆಂಡ್ ಮೋಡನ್ನು Screen ಮಾಡಿದೆ. ನೋಡಿದ ಗೆಳೆಯ, ‘ಗುಡ್ಡಕ್ಕೆ ಪೌಡರ್ ಹಚ್ಚಿದ್ದೀಯಲ್ಲೋ’ ಎಂದ.

ತಪ್ಪಾದದ್ದು ಎಲ್ಲಿ? ದೂರದ ಗುಡ್ಡಕ್ಕೂ ನಮಗೂ ನಡುವಿನ ಗಾಳಿ ಎರಡು ಕೆಲಸ ಮಾಡುತ್ತದೆ. ಗುಡ್ಡದಿಂದ ಬರುವ ಬೆಳಕನ್ನು ದಾರಿಯಲ್ಲಿ ಚದುರಿಸಿ ಕಡಿಮೆ ಮಾಡುತ್ತದೆ. ಜೊತೆಗೆ, ತನ್ನ ಮೇಲೆ ಬಿದ್ದ ಬಿಸಿಲನ್ನೂ ಆಕಾಶದ ಬೆಳಕನ್ನೂ ಚದುರಿಸಿ ನಮ್ಮ ಕಣ್ಣಿಗೆ ಸೇರಿಸುತ್ತದೆ. ಹಾಗಾಗಿ ದೂರ ಹೋದಂತೆ ಕಪ್ಪು ತಿಳಿಯಾಗುತ್ತದೆ, ಬಿಳಿ ಮಂಕಾಗುತ್ತದೆ. ಎರಡೂ ದಿಗಂತದ ಆಕಾಶದ ಬಣ್ಣದತ್ತಲೇ ಸಾಗುತ್ತವೆ. Screen ಮೋಡಿಗೆ ತಿಳಿಯಾಗಿಸುವುದು ಮಾತ್ರ ಗೊತ್ತು, ಮಂಕಾಗಿಸುವುದು ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಬಹುದು. 0ಯಿಂದ 255ರ ಅಳತೆಯಲ್ಲಿ ದಿಗಂತದ ಆಕಾಶ 200, ಕಾಡಿನ ನೆರಳು 20, ಬಿಸಿಲಿಗೆ ಹೊಳೆಯುವ ಬಂಡೆ 230 ಎಂದಿಟ್ಟುಕೊಳ್ಳಿ. ಆಕಾಶದ ಆ ಬಣ್ಣವನ್ನೇ 25% ಅಪಾಸಿಟಿಯ ಒಂದು ಲೇಯರಾಗಿ ಹಾಕಿದರೆ ನೆರಳು Normal ಮೋಡಿನಲ್ಲಿ 65, Screen ಮೋಡಿನಲ್ಲಿ 66. ಇಲ್ಲಿ ವ್ಯತ್ಯಾಸವೇ ಇಲ್ಲ, ಅದಕ್ಕೇ ಮೋಸ ಹೋಗುತ್ತೇವೆ. ಗುಟ್ಟು ಬಿಟ್ಟುಕೊಡುವುದು ಬಂಡೆ. ನಾಲ್ಕು ಲೇಯರುಗಳ ಹಿಂದೆ ಅದು Normal ಮೋಡಿನಲ್ಲಿ 209ಕ್ಕೆ ಇಳಿದು ಆಕಾಶದೊಂದಿಗೆ ಬೆರೆಯುತ್ತದೆ, Screen ಮೋಡಿನಲ್ಲಿ 245ಕ್ಕೇರಿ ಆಕಾಶಕ್ಕಿಂತ ಬೆಳ್ಳಗೆ ಮಿನುಗುತ್ತದೆ. ಗೆಳೆಯ ಕಂಡ ಪೌಡರ್ ಇದೇ. ಬಣ್ಣವನ್ನು ಮನಸ್ಸಿನಿಂದ ಆರಿಸದೆ, ಚಿತ್ರದ ದಿಗಂತದಿಂದಲೇ ಐಡ್ರಾಪರಿನಲ್ಲಿ ಎತ್ತಿಕೊಳ್ಳಬೇಕು. ಸಂಜೆಯ ಚಿತ್ರದಲ್ಲಿ ಅದು ನೀಲಿಯಾಗಿರದೆ ಕೇಸರಿಯೂ ಆಗಿರಬಹುದು.

ಎರಡನೆಯ ತಪ್ಪು ಲೇಯರಿನ ಜಾಗದ್ದು. ಪ್ರತಿ ಗುಡ್ಡಕ್ಕೂ ಬೇರೆಬೇರೆ ಮಬ್ಬು ಬಳಿಯುತ್ತ ಕೂತರೆ, ಎಲ್ಲೋ ಮೂರನೆಯ ಸಾಲು ನಾಲ್ಕನೆಯದಕ್ಕಿಂತ ತಿಳಿಯಾಗಿಬಿಡುತ್ತದೆ. ಸರಿಯಾದ ದಾರಿ ಸುಲಭದ್ದು: ಪ್ರತಿ ಸಾಲನ್ನೂ ಕತ್ತರಿಸಿ ಬೇರೆ ಲೇಯರಿನಲ್ಲಿಟ್ಟು, ಒಂದೊಂದರ ಮುಂದೂ ಮಬ್ಬಿನ ಒಂದು ಲೇಯರ್ ಇಡುವುದು. ಆಗ ಪ್ರತಿ ಮಬ್ಬೂ ತನ್ನ ಹಿಂದಿರುವ ಎಲ್ಲವನ್ನೂ ಮುಚ್ಚುತ್ತದೆ, ನಿಜವಾದ ಗಾಳಿಯ ಹಾಗೆ. ಮೇಲಿನ ನೆರಳು ಸಾಲುಸಾಲಾಗಿ 65, 99, 124, 143 ಆಗುತ್ತದೆ. ಏರಿಕೆ 45, 34, 25, 19 ಎಂದು ಕುಗ್ಗುತ್ತ ಬರುವುದನ್ನು ಗಮನಿಸಿ. ದೂರದ ಸಾಲುಗಳು ಒಂದರೊಳಗೊಂದು ಕರಗುವುದು ಈ ಕುಗ್ಗುವಿಕೆಯಿಂದಲೇ. ಎರಡು ಸಾಲುಗಳ ನಡುವೆ ದೊಡ್ಡ ಕಣಿವೆಯಿದ್ದರೆ ಅಲ್ಲಿನ ಅಪಾಸಿಟಿಯನ್ನಷ್ಟೇ ಹೆಚ್ಚಿಸಿದರಾಯಿತು. ದೂಳು, ತೇವ ಸಾಮಾನ್ಯವಾಗಿ ತಗ್ಗಿನಲ್ಲೇ ಹೆಚ್ಚು ನಿಲ್ಲುವುದರಿಂದ ಗ್ರೇಡಿಯೆಂಟ್ ಮಾಸ್ಕಿನಲ್ಲಿ ಬುಡವನ್ನು ದಟ್ಟವಾಗಿಸಿ ನೆತ್ತಿಯನ್ನು ತೆಳುವಾಗಿಸಬೇಕು. ಇಂಥ ನಯವಾದ ಗ್ರೇಡಿಯೆಂಟು 8 ಬಿಟ್ ಫೈಲಿನಲ್ಲಿ ಪಟ್ಟೆಪಟ್ಟೆಯಾಗಿ ಒಡೆಯಬಹುದು. 16 ಬಿಟ್ಟಿನಲ್ಲಿ ಕೆಲಸ ಮಾಡಿ, ಕೊನೆಗೆ ತುಸು ನಾಯ್ಸ್ ಸೇರಿಸಿದರೆ ಪಟ್ಟೆ ಅಡಗುತ್ತದೆ.

ದೂರ ತೋರಿಸಲೆಂದು ಗುಡ್ಡವನ್ನು ಬ್ಲರ್ ಮಾಡುವ ಚಾಳಿಯನ್ನು ಮಾತ್ರ ಒಪ್ಪಲಾರೆ. ಇಂಥ ಮಬ್ಬು ಕಪ್ಪು-ಬಿಳುಪಿನ ಅಂತರವನ್ನು ತಿನ್ನುತ್ತದೆಯೇ ಹೊರತು ಗುಡ್ಡದ ಅಂಚನ್ನು ಕಲಸುವುದಿಲ್ಲ. ಬ್ಲರ್ ಮಾಡಿದ ಗುಡ್ಡ ದೂರದ್ದೆನಿಸದೆ, ಫೋಕಸ್ ತಪ್ಪಿದ್ದೆನಿಸುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ನನ್ನ ಚಿತ್ರದಲ್ಲಿ ಒಂದು ಊನ ಉಳಿಯಿತು. ತೋಟದ ನೆರಳು ಎಡಕ್ಕೆ ಬಿದ್ದಿತ್ತು, ಗುಡ್ಡದ ನೆರಳು ಬಲಕ್ಕೆ. ನಾಲ್ಕನೆಯ ಸಾಲಿನಲ್ಲಿ ಅದು ಕಾಣುತ್ತಿರಲಿಲ್ಲ. ಅಲ್ಲಿ ಬಿಸಿಲಿನ ಇಳಿಜಾರು 120ರಿಂದ 175ಕ್ಕೆ, ನೆರಳು 20ರಿಂದ 143ಕ್ಕೆ ಏರಿ, ಮೊದಲು 100ರಷ್ಟಿದ್ದ ಅಂತರ 32ಕ್ಕೆ ಇಳಿದಿತ್ತು. ಒಂದೇ ಪದರದ ಹಿಂದಿದ್ದ ಮೊದಲ ಸಾಲಿನಲ್ಲಿ 75 ಉಳಿದಿತ್ತು, ಅದು ಕಳ್ಳತನವನ್ನು ಕೂಗಿ ಹೇಳುತ್ತಿತ್ತು. ಮಬ್ಬು ದೂರವನ್ನು ಕೊಡಬಲ್ಲದು, ಸೂರ್ಯನನ್ನು ಸರಿಸಲಾರದು. ಕೊನೆಗೆ ಆ ಮೊದಲ ಸಾಲನ್ನೇ ಕಿತ್ತುಹಾಕಿ, ಅದರ ಮುಂದಿದ್ದ ಮಬ್ಬನ್ನು ಹಾಗೆಯೇ ಬಿಟ್ಟೆ.